ಪರೀಕ್ಷೆಯ ರಜೆಗೆ ಬರೆದ ಅರ್ಜಿ

ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಬಹಳ ಕಾಲ ಕೂತವರ ಮೇಜಿನ ಮೇಲೆ ರಜೆ ಅರ್ಜಿಗಳು ಬಂದು ಹೋಗುತ್ತಲೇ ಇರುತ್ತವೆ. ಜ್ವರ, ಅಕ್ಕನ ಮಗಳ ಮದುವೆ, ಊರ ಜಾತ್ರೆ, ಮಗುವಿನ ಶಾಲೆ ಸೇರ್ಪಡೆ, ಅಪ್ಪನ ಕಣ್ಣಿನ ಆಪರೇಷನ್. ಇವುಗಳನ್ನು ಓದಿ ತೀರ್ಮಾನ ಮಾಡುವುದು ಕಷ್ಟವಲ್ಲ, ಏಕೆಂದರೆ ಇವೆಲ್ಲ ಒಂದೇ ಮಾತು ಹೇಳುತ್ತವೆ: ನನಗೆ ಬೇಕಾಗಿದೆ, ದಯವಿಟ್ಟು ಕೊಡಿ. ಪರೀಕ್ಷೆ ಬರೆಯಲು ರಜೆ ಕೇಳುವ ಅರ್ಜಿ ಮಾತ್ರ ಬೇರೆ ಜಾತಿಯದು. ಅದು ರಜೆ ಕೇಳುವುದರ ಜೊತೆಗೆ, ಈ ರಜೆ ಕೊಟ್ಟರೆ ಲಾಭ ನಿಮಗೇ ಎಂದೂ ಹೇಳುತ್ತದೆ. ಹಾಗೆ ಹೇಳಿದ ಕೂಡಲೇ ಅದು ರಜೆ ಅರ್ಜಿಯಾಗಿ ಉಳಿಯುವುದಿಲ್ಲ. ಒಂದು ಪ್ರಸ್ತಾವವಾಗುತ್ತದೆ, ಪ್ರಸ್ತಾವವೆಂದ ಮೇಲೆ ಲೆಕ್ಕ ಕೇಳುವವರು ಇದ್ದೇ ಇರುತ್ತಾರೆ.

ನಾನು ಹೇಳಹೊರಟಿರುವುದು ನಂಜನಗೂಡು ಕಡೆಯ ಒಂದು ನೂಲಿನ ಗಿರಣಿಯಲ್ಲಿ ನಡೆದದ್ದು. ನಾನಾಗ ಅಲ್ಲಿ ಎಲೆಕ್ಟ್ರಿಕಲ್ ಮತ್ತು ಯುಟಿಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದೆ. ನಮ್ಮ ಶಿಫ್ಟ್ ಎಂಜಿನಿಯರುಗಳಲ್ಲಿ ಒಬ್ಬ, ಗುಂಡ್ಲುಪೇಟೆ ಕಡೆಯ ಹುಡುಗ, ಆಗಸ್ಟ್ ತಿಂಗಳ ಮೊದಲಲ್ಲಿ ಒಂದು ಅರ್ಜಿ ತಂದುಕೊಟ್ಟ. ಎನರ್ಜಿ ಮ್ಯಾನೇಜರ್ ಪರೀಕ್ಷೆಗೆ ಕಟ್ಟಿದ್ದೇನೆ, ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಇದೆ, ಹನ್ನೆರಡು ದಿನ ರಜೆ ಬೇಕು, ‘ಇದರಿಂದ ಸಂಸ್ಥೆಗೆ ಅಪಾರ ಪ್ರಯೋಜನವಾಗುವುದರಿಂದ’ ಸಂಬಳ ಸಹಿತ ಮಂಜೂರು ಮಾಡಬೇಕು ಎಂದು ಬರೆದಿದ್ದ.

ಈ ಪರೀಕ್ಷೆಯ ವಿಷಯ ಸ್ವಲ್ಪ ಹೇಳಬೇಕು. ಫ್ರಿಜ್ಜು, ಏಸಿಗಳ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿರುತ್ತಾರಲ್ಲ, ಆ ಚೀಟಿಯ ಹಿಂದಿರುವ ಕೇಂದ್ರ ಸರ್ಕಾರದ ಸಂಸ್ಥೆಯೇ ಬಿಇಇ, ಅಂದರೆ ಇಂಧನ ದಕ್ಷತಾ ಬ್ಯೂರೊ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಕೆಳಗೆ ಹುಟ್ಟಿದ್ದು. ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಆಗಬೇಕೆಂದವರಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆಯನ್ನು ಅದೇ ನಡೆಸುತ್ತದೆ. ಮ್ಯಾನೇಜರ್ ಆಗಲು ಮೂರು ಪತ್ರಿಕೆ, ಆಡಿಟರ್ ಆಗಲು ನಾಲ್ಕು. ಮೊದಲನೆಯದು ಇಂಧನ ನಿರ್ವಹಣೆಯ ಸಾಮಾನ್ಯ ಸಂಗತಿಗಳು, ಎರಡನೆಯದು ಬಾಯ್ಲರು, ಕುಲುಮೆ, ಹಬೆಯಂಥ ಉಷ್ಣದ ವಿಷಯ, ಮೂರನೆಯದು ಮೋಟಾರು, ಕಂಪ್ರೆಸರು, ಫ್ಯಾನು, ಪಂಪಿನಂಥ ವಿದ್ಯುತ್ತಿನ ವಿಷಯ. ಈ ಮೂರರಲ್ಲಿ ಪ್ರತಿಯೊಂದಕ್ಕೂ ಮೂರು ಗಂಟೆ, ನೂರೈವತ್ತು ಅಂಕ, ಪಾಸಾಗಲು ಪ್ರತಿ ಪತ್ರಿಕೆಯಲ್ಲೂ ಅರ್ಧದಷ್ಟು ಬರಬೇಕು. ಶನಿವಾರ ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು, ಭಾನುವಾರ ಬೆಳಿಗ್ಗೆ ಮೂರು. ಆಡಿಟರಿನ ನಾಲ್ಕನೆಯದು ಭಾನುವಾರ ಮಧ್ಯಾಹ್ನ, ಅದನ್ನು ಪುಸ್ತಕ ನೋಡಿಕೊಂಡೇ ಬರೆಯಬಹುದು.

ಕೇಳುವವರಿಗೆ, ಶನಿವಾರ ಭಾನುವಾರದ ಪರೀಕ್ಷೆಗೆ ರಜೆ ಏಕೆ ಅನ್ನಿಸಬಹುದು. ನೂಲಿನ ಗಿರಣಿಗೆ ಭಾನುವಾರ ಇಲ್ಲ. ಮೂರು ಪಾಳಿಯಲ್ಲಿ ವರ್ಷದಲ್ಲಿ ಮುನ್ನೂರೈವತ್ತು ದಿನ ತಿರುಗುತ್ತದೆ. ವಾರದ ರಜೆಯನ್ನು ಒಬ್ಬೊಬ್ಬರಿಗೆ ಒಂದೊಂದು ದಿನ ಹಂಚಿರುತ್ತಾರೆ. ಈ ಹುಡುಗನ ವಾರದ ರಜೆ ಮಂಗಳವಾರ.

ಅರ್ಜಿ ಓದಿ ನಾನು ಕೇಳಿದೆ, “ಅಪಾರ ಪ್ರಯೋಜನ ಅಂದರೆ ಏನಪ್ಪಾ? ನಾನು ಇದನ್ನು ತೆಗೆದುಕೊಂಡು ಹೋಗಿ ಜಿಎಂ ಸಾಹೇಬರ ಮುಂದಿಟ್ಟರೆ ಅವರು ಮೊದಲು ಕೇಳುವುದೇ ಇದನ್ನ.”

“ಕರೆಂಟು ಉಳಿತಾಯ ಆಗುತ್ತೆ ಸಾರ್. ಆಮೇಲೆ ಹೊರಗಿನಿಂದ ಆಡಿಟ್ ಮಾಡಿಸೋ ಖರ್ಚು ಉಳಿಯುತ್ತೆ. ಮತ್ತೆ ಕಾನೂನು ಪ್ರಕಾರ ಎನರ್ಜಿ ಮ್ಯಾನೇಜರ್ ಇರಲೇಬೇಕು.”

ಅವನು ಹೇಳಿದ ಮೂರು ಮಾತಿನಲ್ಲಿ ಒಂದು ಸುಳ್ಳು, ಒಂದು ಅರ್ಧ ನಿಜ, ಒಂದು ನಿಜವಾಗಬಹುದಾದದ್ದು. ಅವನು ಬೇಕೆಂದು ಹೇಳಿದ್ದಲ್ಲ. ಪರೀಕ್ಷೆಗೆ ಕೂರುವ ಹೆಚ್ಚಿನವರು ಕೇಳಿ ತಿಳಿದು ಹೀಗೇ ಬರೆಯುತ್ತಾರೆ. ಆದರೆ ಅರ್ಜಿಯಲ್ಲಿ ಒಂದು ತಪ್ಪು ಮಾತು ಸಿಕ್ಕಿದರೆ ಸಹಿ ಹಾಕುವವರು ಉಳಿದ ಎರಡನ್ನೂ ನಂಬುವುದಿಲ್ಲ. ಹಾಗಾಗಿ ನಾವಿಬ್ಬರೂ ಕೂತು ಒಂದೊಂದನ್ನೇ ಬಿಡಿಸಿ ನೋಡಿದೆವು.

ಆಡಿಟ್ ಖರ್ಚಿನ ಮಾತು ಸುಳ್ಳು. ಕಾಯ್ದೆ ಕೇಳುವ ಕಡ್ಡಾಯ ಆಡಿಟ್ಟನ್ನು ಮಾನ್ಯತೆ ಪಡೆದ ಎನರ್ಜಿ ಆಡಿಟರ್ ಮಾತ್ರ ಮಾಡಬಹುದು. ಪರೀಕ್ಷೆ ಪಾಸು ಮಾಡಿದ ಆಡಿಟರಿಗೂ ಆ ಮಾನ್ಯತೆ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆ ಅನುಭವ ಬೇಕು, ಬೇರೆ ಆಯ್ಕೆ ಇದೆ. ಈ ಹುಡುಗ ಬರೆಯಹೊರಟಿದ್ದು ಮ್ಯಾನೇಜರ್ ಮಟ್ಟದ ಮೂರು ಪತ್ರಿಕೆ. ಅವನು ಪಾಸಾದರೂ ಗಿರಣಿ ಹೊರಗಿನವರನ್ನು ಕರೆಸಬೇಕಾದಾಗ ಕರೆಸಲೇಬೇಕು. ಹೊರಗಿನವರು ಬಂದಾಗ ಅವರಿಗೆ ಬೇಕಾದ ಅಂಕಿಅಂಶವನ್ನು ಸಿದ್ಧ ಮಾಡಿಟ್ಟುಕೊಂಡು, ಅವರ ವರದಿಯನ್ನು ಅರ್ಥಮಾಡಿಕೊಂಡು, ಯಾವ ಸಲಹೆ ನಮಗೆ ಹೊಂದುತ್ತದೆ ಯಾವುದು ಇಲ್ಲ ಎಂದು ಹೇಳಬಲ್ಲವನು ಒಳಗೊಬ್ಬ ಇರುತ್ತಾನೆ, ಅಷ್ಟೆ. ಅದು ಸಣ್ಣ ಲಾಭವಲ್ಲ. ನಮ್ಮ ಕಪಾಟಿನಲ್ಲಿ ಯಾರೂ ತೆರೆಯದ ಎರಡು ದಪ್ಪ ಆಡಿಟ್ ವರದಿಗಳಿದ್ದವು. ಆದರೆ ಖರ್ಚು ಉಳಿಯುತ್ತದೆ ಎಂದು ಬರೆಯುವಂತಿಲ್ಲ. ಆ ಸಾಲನ್ನು ಹೊಡೆದುಹಾಕಿದೆವು.

ಕಾನೂನಿನ ಮಾತು ಸ್ವಾರಸ್ಯವಾದದ್ದು. ಹೆಚ್ಚು ಇಂಧನ ಬಳಸುವ ಕಾರ್ಖಾನೆಗಳನ್ನು ಕಾಯ್ದೆ ‘ಡೆಸಿಗ್ನೇಟೆಡ್ ಕನ್ಸ್ಯೂಮರ್’ ಎಂದು ಕರೆದು, ಅಂಥವರು ಅರ್ಹತೆಯುಳ್ಳ ಎನರ್ಜಿ ಮ್ಯಾನೇಜರನ್ನು ನೇಮಿಸಲೇಬೇಕು ಎನ್ನುತ್ತದೆ. ಜವಳಿ ಗಿರಣಿಗಳಿಗೆ 2007ರಲ್ಲಿ ಹಾಕಿದ ಗಡಿ ವರ್ಷಕ್ಕೆ 3,000 ಟನ್ ತೈಲಕ್ಕೆ ಸಮನಾದ ಇಂಧನ. ಕರೆಂಟನ್ನು ತೈಲಕ್ಕೆ ಹೋಲಿಸುವುದು ಹೇಗೆಂದರೆ, ಒಂದು ಯೂನಿಟ್ ಕರೆಂಟಿಗೆ 860 ಕಿಲೋ ಕ್ಯಾಲರಿ, ಒಂದು ಟನ್ ತೈಲಕ್ಕೆ ಒಂದು ಕೋಟಿ ಕಿಲೋ ಕ್ಯಾಲರಿ ಎಂದು ಹಿಡಿಯುತ್ತಾರೆ. ಹಾಗೆ ನೋಡಿದರೆ 3,000 ಟನ್ ಅಂದರೆ ಸುಮಾರು ಮೂರೂವರೆ ಕೋಟಿ ಯೂನಿಟ್ ಆಯಿತು. ನಮ್ಮ ಗಿರಣಿ ವರ್ಷಕ್ಕೆ ಬಳಸುತ್ತಿದ್ದದ್ದು 2.8 ಕೋಟಿ ಯೂನಿಟ್, ಅಂದರೆ 2,400 ಟನ್ನಿನ ಆಸುಪಾಸು. ಜನರೇಟರಿಗೆ ಸುಡುವ ಡೀಸೆಲ್ ಸೇರಿಸಿದರೂ ಗಡಿಯ ಒಳಗೇ ಇದ್ದೆವು. ಆದ್ದರಿಂದ ‘ಕಾನೂನು ಪ್ರಕಾರ ಇರಲೇಬೇಕು’ ಎಂಬ ಮಾತು ಆ ದಿನಕ್ಕೆ ನಮಗೆ ಅನ್ವಯಿಸುತ್ತಿರಲಿಲ್ಲ.

ಆದರೆ ಕಾಂಪೌಂಡಿನ ಹಿಂದೆ ಹೊಸ ಶೆಡ್ಡಿಗೆ ಪಾಯ ತೆಗೆಯುತ್ತಿದ್ದರು. ಹೊಸ ರಿಂಗ್ ಫ್ರೇಮುಗಳು ಬಂದರೆ ಇನ್ನೂ 90 ಲಕ್ಷ ಯೂನಿಟ್ ಬೇಕಾಗುತ್ತದೆಂದು ನಾವೇ ಟ್ರಾನ್ಸ್‌ಫಾರ್ಮರಿಗಾಗಿ ಲೆಕ್ಕ ಹಾಕಿ ಕೊಟ್ಟಿದ್ದೆವು. ಹುಡುಗ ಅಲ್ಲೇ ಕ್ಯಾಲ್ಕ್ಯುಲೇಟರ್ ಒತ್ತಿದ. 3.7 ಕೋಟಿ ಯೂನಿಟ್ಟಿಗೆ 3,182 ಟನ್. ಗಡಿ ದಾಟುತ್ತೇವೆ. ಅವತ್ತಿನವರೆಗೂ ಈ ಮಾತು ನಮ್ಮ ಆಫೀಸಿನಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಶೆಡ್ಡು ಏಳುವ ಹೊತ್ತಿಗೆ ಅರ್ಹತೆಯಿರುವವನೊಬ್ಬ ನಮ್ಮಲ್ಲೇ ಇರಬೇಕೆಂದರೆ ಈಗಲೇ ಯಾರಾದರೂ ಪರೀಕ್ಷೆಗೆ ಕೂರಬೇಕು, ಏಕೆಂದರೆ ಒಂದೇ ಸಲಕ್ಕೆ ಮೂರೂ ಪತ್ರಿಕೆ ಪಾಸಾಗುವವರು ಕಡಿಮೆ, ಫಲಿತಾಂಶ ಬರಲು ತಿಂಗಳುಗಳು ಹಿಡಿಯುತ್ತವೆ. ಇದು ನಿಜವಾದ ಪ್ರಯೋಜನ, ಅದೂ ತಾರೀಖು ಸಮೇತ ಹೇಳಬಹುದಾದದ್ದು. ಈ ಕಾಯ್ದೆಯನ್ನು ಮೀರಿದರೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ ಎಂದು ಬರೆಯಲೇ ಎಂದು ಅವನು ಕೇಳಿದ. ಬೇಡ ಎಂದೆ. ದಂಡದ ಮಾತು ನಿಜವಾದರೂ ರಜೆ ಕೇಳುವವನ ಕಾಗದದಲ್ಲಿ ಅದು ಬೆದರಿಕೆಯ ಹಾಗೆ ಕಾಣುತ್ತದೆ. 3,182 ಎಂಬ ಅಂಕಿ ಇದ್ದರೆ ಸಾಕು, ಉಳಿದದ್ದನ್ನು ಓದುವವರೇ ತಿಳಿದುಕೊಳ್ಳುತ್ತಾರೆ.

ಉಳಿದದ್ದು ಅರ್ಧ ನಿಜ, ಕರೆಂಟಿನ ಉಳಿತಾಯ. ನಾನು ಇಲ್ಲಿ ಗಟ್ಟಿಯಾಗಿ ನಂಬಿರುವ ಒಂದು ವಿಷಯವಿದೆ. ಪಾಸಾದ ಮೇಲೆ ಇಷ್ಟು ಉಳಿಸಿಕೊಡುತ್ತೇನೆ ಎಂದು ಅರ್ಜಿಯಲ್ಲಿ ಬರೆಯಬಾರದು. ಸರ್ಟಿಫಿಕೇಟು ಒಂದು ಯೂನಿಟ್ಟನ್ನೂ ಉಳಿಸುವುದಿಲ್ಲ. ಅದಕ್ಕೆ ಓದಿದ್ದು ಉಳಿಸಬಹುದು, ಓದು ಆಗಲೇ ನಡೆಯುತ್ತಿದೆಯಲ್ಲ! ಮೂರನೇ ಪತ್ರಿಕೆಯ ಪುಸ್ತಕದಲ್ಲಿ ಕಂಪ್ರೆಸರಿಗೆ ಒಂದು ಇಡೀ ಅಧ್ಯಾಯವಿದೆ. ನಮ್ಮ ಗಿರಣಿಯಲ್ಲಿ ಮೂರು ಸ್ಕ್ರೂ ಕಂಪ್ರೆಸರ್ ಇದ್ದವು. ಆ ಅಧ್ಯಾಯದಿಂದ ಒಂದೇ ಒಂದು ಕೆಲಸವನ್ನು ಎತ್ತಿಕೊಂಡು ನಮ್ಮ ಯಂತ್ರದ ಮೇಲೆ ಮಾಡಿ, ಅದರ ಫಲವನ್ನು ಅರ್ಜಿಗೆ ಲಗತ್ತಿಸು ಎಂದೆ. ಆಗಸ್ಟ್ 15 ಹತ್ತಿರದಲ್ಲೇ ಇತ್ತು. ವರ್ಷದಲ್ಲಿ ಗಿರಣಿ ಪೂರ್ತಿ ನಿಲ್ಲುವ ಕೆಲವೇ ದಿನಗಳಲ್ಲಿ ಅದೂ ಒಂದು.

ಗಾಳಿ ಸೋರಿಕೆಯ ಪರೀಕ್ಷೆಗೆ ಯಂತ್ರಗಳೆಲ್ಲ ನಿಂತಿರಬೇಕು. ಒಂದೇ ಕಂಪ್ರೆಸರನ್ನು ಚಾಲೂ ಮಾಡಿ ಪೈಪಿನಲ್ಲಿ ಒತ್ತಡ ತುಂಬಿಸುತ್ತಾರೆ. ಬೇಕಾದ ಒತ್ತಡ ಬಂದ ಕೂಡಲೇ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸಿ ಖಾಲಿ ತಿರುಗುತ್ತದೆ. ಇದಕ್ಕೆ ಅನ್‌ಲೋಡ್ ಎನ್ನುತ್ತಾರೆ. ಯಾವ ಯಂತ್ರವೂ ಗಾಳಿ ಕೇಳುತ್ತಿಲ್ಲವಾದ್ದರಿಂದ ಒತ್ತಡ ಹಾಗೇ ನಿಲ್ಲಬೇಕು. ನಿಲ್ಲುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಇಳಿದ ಮೇಲೆ ಕಂಪ್ರೆಸರ್ ಮತ್ತೆ ಲೋಡಿಗೆ ಬರುತ್ತದೆ. ಎಷ್ಟು ಹೊತ್ತು ಲೋಡಿನಲ್ಲಿತ್ತು, ಎಷ್ಟು ಹೊತ್ತು ಅನ್‌ಲೋಡಿನಲ್ಲಿತ್ತು ಎಂದು ಗಡಿಯಾರ ಹಿಡಿದು ಬರೆದುಕೊಂಡರೆ ಆಯಿತು. ಲೋಡಿನ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿ ಕಂಪ್ರೆಸರಿನ ಸಾಮರ್ಥ್ಯದಿಂದ ಗುಣಿಸಿದರೆ ಸೋರಿಕೆಯ ಪ್ರಮಾಣ ಸಿಗುತ್ತದೆ.

ಧ್ವಜಾರೋಹಣ ಮುಗಿಸಿ ಲಾಡು ತಿಂದು ಎಲ್ಲರೂ ಹೋದ ಮೇಲೆ ಅವನು, ಒಬ್ಬ ಫಿಟ್ಟರ್, ನಾನು ಕಂಪ್ರೆಸರ್ ರೂಮಿಗೆ ಹೋದೆವು. ಮೊದಲ ಸುತ್ತಿನಲ್ಲಿ ಲೋಡು ಮೂರು ನಿಮಿಷಕ್ಕೂ ಹೆಚ್ಚು ಬಂತು. ಮುಂದಿನದು ಎರಡು ಚಿಲ್ಲರೆ. ಅದರ ಮುಂದಿನದು ಮತ್ತೆ ಮೂರೂವರೆ. ನಾನೇನೂ ಹೇಳಲಿಲ್ಲ. ಹುಡುಗ ಬರೆದುಕೊಂಡ ಕಾಗದವನ್ನೇ ನೋಡುತ್ತಾ, “ಸಾರ್, ಸೋರಿಕೆ ಆದರೆ ಪ್ರತಿ ಸಲ ಒಂದೇ ಥರ ಬರಬೇಕಲ್ವಾ? ತೂತು ಹಿಗ್ಗಿ ಕುಗ್ಗಿ ಆಗಲ್ಲ. ಯಾರೋ ಗಾಳಿ ಬಳಸ್ತಿದ್ದಾರೆ” ಎಂದ. ಹುಡುಕಿಕೊಂಡು ಹೋದರೆ ರಿಂಗ್ ಫ್ರೇಮ್ ವಿಭಾಗದಲ್ಲಿ ಕ್ಲೀನಿಂಗಿನ ಇಬ್ಬರು ಹೆಂಗಸರು ರಜೆಯ ದಿನವೇ ಒಳ್ಳೆಯದೆಂದು ಏರ್ ಗನ್ನಿನಿಂದ ಯಂತ್ರದ ಸಂದಿಯ ಹತ್ತಿಯ ಧೂಳು ಊದುತ್ತಿದ್ದರು. “ಒಂದು ಗಂಟೆ ನಿಲ್ಲಿಸ್ರಕ್ಕಾ, ಆಮೇಲೆ ಮಾಡ್ಕೊಳ್ಳಿ” ಎಂದು ಕೇಳಿಕೊಂಡು ಬಂದ. ಅಲ್ಲಿಂದ ಮುಂದೆ ಪ್ರತಿ ಸುತ್ತೂ ಒಂದೇ ತೆರನಾಗಿ ಬಂತು. ಲೋಡು ಎರಡು ನಿಮಿಷ, ಅನ್‌ಲೋಡು ಆರು ನಿಮಿಷ.

ಆ ಕಂಪ್ರೆಸರಿನ ಸಾಮರ್ಥ್ಯ 500 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 500 ಘನ ಅಡಿ ಗಾಳಿ. ಎಂಟು ನಿಮಿಷದಲ್ಲಿ ಎರಡು ನಿಮಿಷ ಲೋಡಾದರೆ ಕಾಲು ಭಾಗ. ಯಾವ ಯಂತ್ರವೂ ನಡೆಯದಿರುವಾಗ 125 ಸಿಎಫ್‌ಎಂ ಗಾಳಿ ಸುಮ್ಮನೆ ಹೊರಗೆ ಹೋಗುತ್ತಿತ್ತು. ಎಲ್ಲಿ ಎಂಬುದನ್ನು ಅವತ್ತು ಕಿವಿಯಿಂದಲೇ ಹುಡುಕಬಹುದಿತ್ತು. ಗಿರಣಿ ನಡೆಯುವಾಗ ಪಕ್ಕದವನ ಕೂಗೂ ಕೇಳದ ಜಾಗದಲ್ಲಿ ಅವತ್ತು ಪ್ರತಿಯೊಂದು ಸೋರಿಕೆಯೂ ಸುಯ್ಯೆನ್ನುತ್ತಿತ್ತು. ಆಟೋಕೋನರಿನ ಹಿಂಬದಿಯ ನಳಿಕೆಗಳ ತುದಿ ಸವೆದು ಒತ್ತಿ ಕೂರಿಸಿದಲ್ಲಿ ಸಡಿಲವಾಗಿದ್ದವು. ನೀರು ಬಸಿಯುವ ಡ್ರೈನ್ ವಾಲ್ವುಗಳನ್ನು ಯಾರೋ ಅರ್ಧ ತೆರೆದೇ ಬಿಟ್ಟಿದ್ದರು. ಫಿಟ್ಟರ್ ಸೋಪಿನ ನೀರು ಹಚ್ಚಿ ಗುಳ್ಳೆ ಬಂದಲ್ಲೆಲ್ಲ ಕೆಂಪು ದಾರ ಕಟ್ಟುತ್ತಾ ಹೋದ.

ಮರುದಿನ ಅವನು ಲೆಕ್ಕ ತಂದ. ಸೋರಿಕೆಯನ್ನು ಪೂರ್ತಿ ನಿಲ್ಲಿಸಲಾಗದು, ನೂರಕ್ಕೆ ಹತ್ತರಷ್ಟಕ್ಕೆ ಇಳಿಸಬಹುದು ಎಂದಿಟ್ಟುಕೊಂಡಿದ್ದ. ಅದು ಸರಿಯಾದ ಅಂದಾಜು. 125ರಿಂದ 50ಕ್ಕೆ ಇಳಿದರೆ 75 ಸಿಎಫ್‌ಎಂ ಉಳಿಯಿತು. ಕಂಪ್ರೆಸರ್ ಪೂರ್ಣ ಲೋಡಿನಲ್ಲಿ 90 ಕಿಲೋವ್ಯಾಟ್ ಎಳೆಯುತ್ತದೆ, ಅಂದರೆ 75 ಸಿಎಫ್‌ಎಂಗೆ ಹದಿಮೂರೂವರೆ ಕಿಲೋವ್ಯಾಟ್. ವರ್ಷಕ್ಕೆ 8,400 ಗಂಟೆ, ಯೂನಿಟ್ಟಿಗೆ ಏಳು ರೂಪಾಯಿ. ಒಟ್ಟು ಏಳು ಲಕ್ಷದ ತೊಂಬತ್ತಮೂರು ಸಾವಿರ. ಅವನ ಮುಖ ಅರಳಿತ್ತು.

“ಅನ್‌ಲೋಡಿನಲ್ಲಿ ಕಂಪ್ರೆಸರ್ ಎಷ್ಟು ಎಳೆಯುತ್ತೆ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪ್ಯಾನೆಲ್ ಹತ್ತಿರ ಹೋಗಿ ಮೀಟರ್ ನೋಡಿಕೊಂಡು ಬಂದ. ಖಾಲಿ ತಿರುಗುವಾಗಲೂ 27 ಕಿಲೋವ್ಯಾಟ್ ಎಳೆಯುತ್ತಿತ್ತು.

ಈ ವಿಷಯ ತಿಳಿದವರೂ ಅವಸರದಲ್ಲಿ ಮರೆಯುತ್ತಾರೆ. ಸೋರಿಕೆ ನಿಂತರೆ ಕಂಪ್ರೆಸರ್ ನಿಲ್ಲುವುದಿಲ್ಲ. ಲೋಡಿನಲ್ಲಿ ಇರುವ ಹೊತ್ತು ಕಡಿಮೆಯಾಗಿ ಖಾಲಿ ತಿರುಗುವ ಹೊತ್ತು ಹೆಚ್ಚಾಗುತ್ತದೆ. ಹಾಗಾಗಿ ಉಳಿಯುವುದು 90 ಮತ್ತು 27ರ ನಡುವಿನ ವ್ಯತ್ಯಾಸ ಮಾತ್ರ, 63 ಕಿಲೋವ್ಯಾಟ್. 500ರಲ್ಲಿ 75 ಅಂದರೆ ನೂರಕ್ಕೆ ಹದಿನೈದು, 63ರಲ್ಲಿ ನೂರಕ್ಕೆ ಹದಿನೈದು ಅಂದರೆ ಒಂಬತ್ತೂವರೆ ಕಿಲೋವ್ಯಾಟಿಗೆ ಚೂರು ಕಡಿಮೆ. ವರ್ಷಕ್ಕೆ 79 ಸಾವಿರ ಯೂನಿಟ್, ಐದೂವರೆ ಲಕ್ಷ ರೂಪಾಯಿ. ಏಳು ಲಕ್ಷದ ತೊಂಬತ್ತಮೂರು ಸಾವಿರವನ್ನು ಹೊಡೆದು ಐದೂವರೆ ಲಕ್ಷ ಬರೆದಾಗ ಅವನಿಗೆ ಕೊಂಚ ಬೇಸರವಾಯಿತೇನೋ. ಆದರೆ ಆ ಕಡಿಮೆ ಅಂಕಿಗೇ ಬೆಲೆ ಹೆಚ್ಚು. ವರ್ಷದ ಕೊನೆಗೆ ಬಿಲ್ಲು ತೆಗೆದು ನೋಡಿದರೆ ಕಾಣಿಸುವುದು ಅದೇ. ಈ ವಿಧಾನಕ್ಕೂ ಮಿತಿಯಿದೆ. ವೇಗ ಬದಲಿಸಿಕೊಳ್ಳುವ ವಿಎಫ್‌ಡಿ ಕಂಪ್ರೆಸರುಗಳು ಹೀಗೆ ಲೋಡು ಅನ್‌ಲೋಡು ಆಗುವುದಿಲ್ಲವಾದ್ದರಿಂದ ಅಲ್ಲಿ ಗಡಿಯಾರ ಹಿಡಿದು ನಿಂತು ಪ್ರಯೋಜನವಿಲ್ಲ. ಅದನ್ನೂ ಟಿಪ್ಪಣಿಯ ಕೆಳಗೆ ಒಂದು ಸಾಲು ಬರೆಸಿದೆ.

ಇನ್ನು ದಿನಗಳ ವಿಷಯ. ಹನ್ನೆರಡು ದಿನ ಎಂದು ಕೇಳಿದ್ದಕ್ಕೆ ಅವನ ಬಳಿ ಕಾರಣವಿತ್ತು, ಓದಬೇಕು. ಓದಲು ಸಮಯ ಬೇಕೆಂಬುದು ನನಗೂ ಗೊತ್ತು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲಿನಲ್ಲಿ ಬಾಯ್ಲರಿನ ದಕ್ಷತೆಯ ಲೆಕ್ಕ ಮಾಡಲಾರ. ಆದರೆ ಸಂಸ್ಥೆಯ ಲಾಭದ ಹೆಸರಿನಲ್ಲಿ ಕೇಳುವ ರಜೆ ಪರೀಕ್ಷೆಗೆ ಅಂಟಿಕೊಂಡಷ್ಟೇ ಇರಬೇಕು. ಹಿಂದಿನ ಮಂಗಳವಾರ ಹೇಗೂ ಅವನ ವಾರದ ರಜೆ. ಬುಧವಾರದಿಂದ ಭಾನುವಾರದವರೆಗೆ ಐದು ದಿನ ಕೇಳಿದರೆ ಮಂಗಳವಾರದಿಂದಲೇ ಓದಬಹುದು, ಶುಕ್ರವಾರ ಸಂಜೆ ಮೈಸೂರಿನಿಂದ ರೈಲು ಹತ್ತಬಹುದು. ಅದಕ್ಕೂ ಹಿಂದಿನ ಮೂರು ವಾರ ಅವನಿಗೆ ರಾತ್ರಿ ಪಾಳಿ ಬಾರದಂತೆ ನಾನೇ ಪಟ್ಟಿ ಬದಲಿಸುತ್ತೇನೆ ಎಂದೆ. ರಜೆಗಿಂತ ಅದೇ ಅವನಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಪರೀಕ್ಷೆಗೆ ರಜೆ ಕೇಳುವವರು ಪಾಳಿ ಬದಲಾವಣೆಯನ್ನೂ ಕೇಳಬಹುದೆಂದು ಏಕೋ ಯಾರಿಗೂ ಹೊಳೆಯುವುದಿಲ್ಲ.

ಐದು ದಿನ ಅವನ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ಹೆಸರು ಸಮೇತ ಬರೆಸಿದೆ, ಆ ಹೆಸರಿನವರ ಸಹಿಯನ್ನೂ ಹಾಕಿಸಿದೆ. ಆ ವಾರ ಒಂದು ಟ್ರಾನ್ಸ್‌ಫಾರ್ಮರಿನ ಎಣ್ಣೆ ಪರೀಕ್ಷೆ ಅವನ ಲೆಕ್ಕದಲ್ಲಿತ್ತು, ಅದನ್ನು ಒಂದು ವಾರ ಮುಂಚೆಯೇ ಮುಗಿಸುವುದೆಂದು ತಾರೀಖು ಹಾಕಿಸಿದೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಂತೆ ಸಂಬಳದ ರಜೆಯನ್ನು ಹದಿನೈದು ದಿನ ಮೊದಲು ಕೇಳಬೇಕಿತ್ತು. ನಮಗೆ ಒಂದು ತಿಂಗಳಿಗೂ ಹೆಚ್ಚು ಸಮಯವಿತ್ತು. ಪರೀಕ್ಷೆಯ ಶುಲ್ಕವನ್ನೂ ಗಿರಣಿಯಿಂದ ಕೇಳಬಹುದೇ ಎಂದ. ಕೇಳಬಹುದು, ಆದರೆ ಬೇರೆ ಕಾಗದದಲ್ಲಿ, ಪಾಸಾದ ಮೇಲೆ ಎಂದೆ. ಒಂದೇ ಅರ್ಜಿಯಲ್ಲಿ ರಜೆ, ಶುಲ್ಕ, ಬಡ್ತಿ ಎಲ್ಲ ಸೇರಿಸಿದರೆ ಯಾವುದಕ್ಕೆ ಹೂಂ ಎನ್ನಬೇಕೆಂದು ತಿಳಿಯದೆ ಕಾಗದ ಕಡತದಲ್ಲೇ ಉಳಿಯುತ್ತದೆ.

ಅರ್ಜಿ ಕೊನೆಗೆ ಒಂದು ಪುಟಕ್ಕೆ ಇಳಿಯಿತು. ಮೊದಲ ಪ್ಯಾರಾದಲ್ಲಿ ಪರೀಕ್ಷೆ ಯಾವುದು, ಯಾವ ದಿನ, ಎಷ್ಟು ರಜೆ, ಬದಲಿಗೆ ಯಾರು. ಎರಡನೆಯದರಲ್ಲಿ ಹೊಸ ಶೆಡ್ಡು ಬಂದ ಮೇಲೆ 3,182 ಟನ್ನಾಗುವ ಲೆಕ್ಕ. ಮೂರನೆಯದರಲ್ಲಿ ಆಗಸ್ಟ್ 15ರಂದು ಮಾಡಿದ ಪರೀಕ್ಷೆಯ ಫಲ, ಐದೂವರೆ ಲಕ್ಷ, ಜೊತೆಗೆ ಕೆಂಪು ದಾರ ಕಟ್ಟಿದ ಜಾಗಗಳ ಪಟ್ಟಿ. ‘ಅಪಾರ ಪ್ರಯೋಜನ’ ಎಂಬ ಮಾತು ಎಲ್ಲೂ ಇರಲಿಲ್ಲ. ಎರಡನೇ ಪತ್ರಿಕೆಯ ಬಾಯ್ಲರು, ಕುಲುಮೆಗಳಿಗೂ ನಮ್ಮ ಗಿರಣಿಗೂ ಸಂಬಂಧವಿಲ್ಲ, ಅರ್ಹತೆಗಾಗಿ ಬರೆಯಬೇಕಾಗಿದೆ ಅಷ್ಟೆ ಎಂದೂ ಒಂದು ಸಾಲು ಇತ್ತು. ಅದನ್ನು ಬರೆಯಬೇಕೆಂದು ಹೇಳಿದ್ದು ನಾನಲ್ಲ, ಅವನೇ ಸೇರಿಸಿದ್ದ. ಓದಿ ನನಗೆ ಬಹಳ ಸಂತೋಷವಾಯಿತು.

ಜಿಎಂ ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಬದಲಿ ಎಂಜಿನಿಯರಿನ ಸಹಿಯ ಮೇಲೆ ಪೆನ್ನಿಟ್ಟು, “ಇವರು ಒಪ್ಪಿದ್ದಾರಾ?” ಎಂದು ಕೇಳಿದರು. ಆಮೇಲೆ 3,182ರ ಕೆಳಗೆ ಗೆರೆ ಎಳೆದರು. ಎಲ್ಲ ಆದ ಮೇಲೆ ನಾನು ನಿರೀಕ್ಷಿಸಿದ್ದ ಪ್ರಶ್ನೆ ಬಂತು.

“ಪಾಸಾದ ಮೇಲೆ ಈ ಹುಡುಗ ಸಿಮೆಂಟ್ ಫ್ಯಾಕ್ಟರಿಗೋ ಸ್ಟೀಲ್ ಪ್ಲಾಂಟಿಗೋ ಹೋದರೆ? ಒಂದು ಬಾಂಡ್ ಬರೆಸಿಕೊಳ್ಳೋಣವಾ, ನೀವೇನಂತೀರಿ?”

ಹೋಗಬಹುದು, ಅದು ನಿಜ. ಸರ್ಟಿಫಿಕೇಟು ಅವನ ಹೆಸರಿನಲ್ಲಿರುತ್ತದೆ, ಗಿರಣಿಯ ಹೆಸರಿನಲ್ಲಲ್ಲ. ಆ ಭಯವನ್ನು ಇಲ್ಲವೆನ್ನುವುದು ಸರಿಯಲ್ಲ. “ಐದು ದಿನದ ರಜೆಗೆ ಬಾಂಡ್ ಬೇಡ ಸಾರ್” ಎಂದೆ. “ಆ ಐದು ದಿನವೂ ಅವನು ದುಡಿದು ಗಳಿಸಿದ ರಜೆಯೇ. ಸೋರಿಕೆ ಪರೀಕ್ಷೆಯ ಕ್ರಮವನ್ನು ಬರೆದು ಕಂಪ್ರೆಸರ್ ರೂಮಿನ ಗೋಡೆಗೆ ಹಾಕಿದ್ದಾನೆ. ಫಿಟ್ಟರಿಗೂ ಹೇಳಿಕೊಟ್ಟಿದ್ದಾನೆ. ಅವನು ಹೋದರೂ ಅದು ಇಲ್ಲೇ ಇರುತ್ತೆ. ಹೊಸ ಶೆಡ್ಡಿಗೆ ಎನರ್ಜಿ ಮ್ಯಾನೇಜರ್ ಬೇಕಾದಾಗ ಆ ಹುದ್ದೆಯನ್ನು ಇವನಿಗೇ ಕೊಡುವುದಾದರೆ ಅವನು ಯಾಕೆ ಹೋಗ್ತಾನೆ?” ಲಕ್ಷಗಟ್ಟಲೆ ಖರ್ಚು ಮಾಡಿ ವಿದೇಶದಲ್ಲಿ ತರಬೇತಿ ಕೊಡಿಸಿದರೆ ಬಾಂಡ್ ಕೇಳುವುದರಲ್ಲಿ ಅರ್ಥವಿದೆ. ಒಬ್ಬನು ತನ್ನ ದುಡ್ಡಿನಲ್ಲಿ ಪುಸ್ತಕ ಕೊಂಡು, ತನ್ನ ರಜೆಯಲ್ಲಿ ಬರೆಯುವ ಪರೀಕ್ಷೆಗೆ ಬಾಂಡ್ ಕೇಳಿದರೆ ಮುಂದೆ ಯಾರೂ ಅರ್ಜಿ ತೆಗೆದುಕೊಂಡು ನಮ್ಮ ಮುಂದೆ ಬರುವುದಿಲ್ಲ. ಜ್ವರ ಎಂದು ಬರೆದು ಹೋಗಿ ಪರೀಕ್ಷೆ ಬರೆದು ಬರುತ್ತಾರೆ. ಅಂಥವರು ಕಲಿತದ್ದನ್ನು ಗಿರಣಿಯಲ್ಲಿ ತೋರಿಸುವುದೂ ಇಲ್ಲ.

ಸಾಹೇಬರು ಸಹಿ ಹಾಕಿದರು. ಸೆಪ್ಟೆಂಬರಿನಲ್ಲಿ ಹುಡುಗ ಹೋಗಿ ಬಂದ. ಫಲಿತಾಂಶ ಬರುವಷ್ಟರಲ್ಲಿ ಹೊಸ ಶೆಡ್ಡಿಗೆ ಮೇಲ್ಛಾವಣಿ ಹಾಕಿಯಾಗಿತ್ತು. ಒಂದನೆಯದು, ಮೂರನೆಯದು ಪಾಸು. ಎರಡನೆಯದರಲ್ಲಿ ಹೋಗಿತ್ತು. ಮೋಟಾರು, ಕಂಪ್ರೆಸರುಗಳ ನಡುವೆ ಬೆಳೆದವನಿಗೆ ಹಬೆಯ ಲೆಕ್ಕ ಬರೀ ಪುಸ್ತಕದಿಂದ ಹತ್ತುವುದಿಲ್ಲ. ಪಾಸಾದ ಪತ್ರಿಕೆಗಳನ್ನು ಮತ್ತೆ ಬರೆಯಬೇಕಿರಲಿಲ್ಲವಾದ್ದರಿಂದ, ಮುಂದಿನ ಸಲದ ಅರ್ಜಿ ಮೂರು ಸಾಲಿನದಾಗಿತ್ತು: ಎರಡನೇ ಪತ್ರಿಕೆ ಬಾಕಿ, ಶನಿವಾರ ಮಧ್ಯಾಹ್ನ ಇದೆ, ಶುಕ್ರ ಮತ್ತು ಶನಿವಾರ ರಜೆ ಬೇಕು. ಜೊತೆಗೆ ಸೋರಿಕೆಯ ಹೊಸ ಪಟ್ಟಿ ಇತ್ತು, ಹಿಂದಿನ ಆಗಸ್ಟ್ 15ರ ಪಕ್ಕದಲ್ಲಿ ಈ ವರ್ಷದ್ದು. ನೂರಕ್ಕೆ ಇಪ್ಪತ್ತೈದು ಇದ್ದದ್ದು ಹನ್ನೆರಡಕ್ಕೆ ಬಂದಿತ್ತು. ಹತ್ತು ಎಂದು ಹೇಳಿದ್ದೆವು, ಹನ್ನೆರಡಾಯಿತು.

ಸಾಹೇಬರು ಪಟ್ಟಿ ನೋಡಿದರು, ರಜೆಗೆ ಸಹಿ ಹಾಕಿದರು, ಫೋನೆತ್ತಿ ಹತ್ತಿರದ ಇನ್ನೊಂದು ಕಾರ್ಖಾನೆಯ ತಮ್ಮ ಪರಿಚಯದವರಿಗೆ ಮಾಡಿದರು. “ನಮ್ಮ ಹುಡುಗ ಒಬ್ಬ ಬರ್ತಾನೆ, ಎರಡು ದಿನ ನಿಮ್ಮ ಬಾಯ್ಲರ್ ಹೌಸಿನಲ್ಲಿ ನಿಲ್ಲಿಸಿಕೊಳ್ಳಿ. ಹೊಗೆಯ ಉಷ್ಣಾಂಶ ಅಳೆಯೋದು, ಬ್ಲೋಡೌನ್ ಮಾಡೋದು ಎಲ್ಲ ತೋರಿಸಿ” ಎಂದರು. ಫೋನಿಟ್ಟು ನನ್ನ ಕಡೆ ತಿರುಗಿ, “ಆ ಎರಡು ದಿನ ಡ್ಯೂಟಿ ಅಂತಲೇ ಹಾಕಿ, ರಜೆ ಬೇಡ” ಎಂದರು.